ಸೀಟು ಬದಲಾದರೆ ಕೆಲಸ ಬದಲಾದಂತಲ್ಲ

ಮದ್ದೂರು ಕಡೆಯ ನಮ್ಮೂರುಗಳಲ್ಲಿ ಬೆಳಿಗ್ಗೆ ಹೊತ್ತು ಮೂಡುವಷ್ಟರಲ್ಲಿ ಗಾರ್ಮೆಂಟ್ಸ್ ಬಸ್ಸು ಬಂದು ನಿಲ್ಲುತ್ತದೆ. ಟಿಫನ್ ಡಬ್ಬಿ ಹಿಡಿದು ಹತ್ತುವವರಲ್ಲಿ ನಮ್ಮ ಅಕ್ಕಂದಿರು, ಅತ್ತಿಗೆಯರು, ನಮ್ಮ ಜೊತೆ ಹತ್ತನೇ ಕ್ಲಾಸು ಓದಿದವರು ಎಲ್ಲ ಇದ್ದಾರೆ. ನಮ್ಮಲ್ಲೊಬ್ಬರ ಪಕ್ಕದ ಮನೆಯ ಅಕ್ಕ ಒಂಬತ್ತು ವರ್ಷದಿಂದ ಶರ್ಟಿಗೆ ಕಫ್ ಕೂರಿಸುವ ಕೆಲಸ ಮಾಡುತ್ತಿದ್ದಾರೆ. ಶರ್ಟಿನ ಉಳಿದ ಭಾಗಕ್ಕೂ ಅವರಿಗೂ ಸಂಬಂಧವಿಲ್ಲ. ತೋಳು ಜೋಡಿಸಿ, ಪಕ್ಕ ಹೊಲಿದು ಮುಂದಕ್ಕೆ ಬಂದ ಶರ್ಟಿನ ತೋಳಿನ ತುದಿಗೆ, ಬೇರೆಯವರು ಮಾಡಿಟ್ಟ ಕಫ್ ಸೇರಿಸಿ ಒಂದು ಹೊಲಿಗೆ ಹಾಕುತ್ತಾರೆ. ಆಮೇಲೆ ಇನ್ನೊಂದು ತೋಳು, ಅದಾದ ಮೇಲೆ ಇನ್ನೊಂದು ಶರ್ಟು.

ಈ ಬರಹಕ್ಕೆ ಕಾರಣ ಒಂದು ಮಾತುಕತೆ. ಕಳೆದ ತಿಂಗಳು ನಮ್ಮಲ್ಲಿಬ್ಬರು ಒಂದು ಕಾರ್ಖಾನೆಯ ಎಚ್‌ಆರ್ ಅಧಿಕಾರಿಯ ಜೊತೆ ಕೂತಿದ್ದೆವು. ಒಂದೇ ಕೆಲಸ ಮಾಡಿ ಮಾಡಿ ಹೆಣ್ಣುಮಕ್ಕಳಿಗೆ ಬೇಸರ ಬರುತ್ತದೆ, ಅದಕ್ಕೇ ಬಿಟ್ಟು ಹೋಗುತ್ತಾರೆ, ಈಗ ನಾವು ಜಾಬ್ ರೊಟೇಷನ್ ತಂದಿದ್ದೇವೆ ಎಂದು ಅವರು ಹೆಮ್ಮೆಯಿಂದ ಗೋಡೆಯ ಮೇಲಿನ ಒಂದು ಪಟ್ಟಿ ತೋರಿಸಿದರು. ಅದರಲ್ಲಿ ಯಾರಿಗೆ ಯಾವ ಯಾವ ಹೊಲಿಗೆ ಬರುತ್ತದೆ ಎಂದು ಹಸಿರು, ಹಳದಿ ಚುಕ್ಕೆ ಅಂಟಿಸಿದ್ದರು. ಊರಿಗೆ ಬಂದು ಅಕ್ಕನಿಗೆ ಇದನ್ನು ಹೇಳಿದಾಗ ಅವರು ನಕ್ಕರು. "ಬೇಜಾರಾ? ಬೇಜಾರ್ ಮಾಡ್ಕಳಕ್ಕೆ ಟೈಮ್ ಎಲ್ಲೈತೆ? ಪೀಸು ಬಂದ್ ಬೀಳ್ತಾನೇ ಇರ್ತವೆ. ಒಂದ್ ಕಡೆ ಕೈ ಕೂರೋಷ್ಟ್ರಲ್ಲಿ ಎಬ್ಸಿ ಇನ್ನೊಂದ್ ಮಿಷನ್‌ಗೆ ಕೂರ್ಸ್ತಾರೆ. ಅದ್ಕೇ ರೊಟೇಷನ್ ಅಂತಾರಾ?"

ಇಬ್ಬರೂ ಹೇಳಿದ್ದು ಒಂದೇ ಪದ್ಧತಿಯ ಬಗ್ಗೆ. ಗೋಡೆಯ ಮೇಲಿನ ಹಸಿರು ಚುಕ್ಕೆ ಎಚ್‌ಆರ್‌ಗೆ ಸಾಧನೆ, ಅಕ್ಕನಿಗೆ ಶಿಕ್ಷೆ. ಯಾಕೆ ಹೀಗೆ ಎಂದು ನೋಡಲು ಲೈನು ಹೇಗೆ ನಡೆಯುತ್ತದೆ ಎಂಬುದರಿಂದಲೇ ಶುರು ಮಾಡಬೇಕು.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಶರ್ಟು ಹೊಲಿಯಲು ಎಲ್ಲ ಕೈಗಳ ಕೆಲಸ ಸೇರಿಸಿ 24 ನಿಮಿಷ ಎಂದು ಕಾರ್ಖಾನೆ ಗೊತ್ತು ಮಾಡಿದೆ. ಲೈನಿನಲ್ಲಿ 40 ಜನ ಇದ್ದಾರೆ, ಎಂಟು ಗಂಟೆ ಕೆಲಸ. ಒಂದು ಸೆಕೆಂಡೂ ವ್ಯರ್ಥವಾಗದಿದ್ದರೆ ದಿನಕ್ಕೆ 800 ಶರ್ಟು ಬರಬೇಕು. ದಾರ ತುಂಡಾಗುವುದು, ಬಂಡಲ್ ಬರುವುದು ತಡವಾಗುವುದು, ಮಿಷನ್ ಕೆಡುವುದು ಎಲ್ಲ ಕಳೆದು ನೂರಕ್ಕೆ ಅರವತ್ತರಷ್ಟು ಬಂತು ಎಂದರೆ 480 ಶರ್ಟು, ಅಂದರೆ ಗಂಟೆಗೆ 60. ಪ್ರತಿಯೊಬ್ಬರ ಮುಂದೆಯೂ ನಿಮಿಷಕ್ಕೊಂದು ಶರ್ಟು ಬಂದು ಹೋಗುತ್ತದೆ. ಅಕ್ಕನ ಪಾಲಿಗೆ ದಿನಕ್ಕೆ 960 ಕಫ್, ತಿಂಗಳಿಗೆ 26 ದಿನ ಹಿಡಿದರೆ ಹತ್ತಿರ ಹತ್ತಿರ 25 ಸಾವಿರ. ವರ್ಷಕ್ಕೆ ಮೂರು ಲಕ್ಷ ಸಲ ಅದೇ ತಿರುವು, ಅದೇ ಹೊಲಿಗೆ.

ಇದು ಸರಪಳಿ. ಯಾವುದೋ ಒಂದು ಸೀಟು ಗಂಟೆಗೆ 40 ಮಾತ್ರ ಕೊಟ್ಟರೆ ಉಳಿದ 39 ಜನ ಎಷ್ಟು ಚುರುಕಿದ್ದರೂ ಲೈನಿನ ತುದಿಯಲ್ಲಿ ಬೀಳುವುದು 40. ಹಾಗಾಗಿ ಸೂಪರ್‌ವೈಸರ್‌ಗೆ ಬೆಳಿಗ್ಗೆ ಬಂದ ಕೂಡಲೇ ಇರುವ ಚಿಂತೆ ಒಂದೇ, ಇವತ್ತು ಯಾರು ರಜಾ. ಪಾಕೆಟ್ ಕೂರಿಸುವವರು ಬಂದಿಲ್ಲವೆಂದರೆ, ಹಸಿರು ಚುಕ್ಕೆ ಇರುವ ಯಾರನ್ನಾದರೂ ಎಬ್ಬಿಸಿ ಅಲ್ಲಿ ಕೂರಿಸುತ್ತಾರೆ. ಪಾಕೆಟ್ ಹೊಲಿದು ಎರಡು ತಿಂಗಳಾಗಿರುತ್ತದೆ, ಮೊದಲ ಗಂಟೆಯಲ್ಲಿ 35 ಕೂಡ ದಾಟುವುದಿಲ್ಲ. ಗಂಟೆಗೊಮ್ಮೆ ಬೋರ್ಡಿನಲ್ಲಿ ಬರೆಯುವ ಸಂಖ್ಯೆ ಮಾತ್ರ ಕರುಣೆ ತೋರಿಸುವುದಿಲ್ಲ. ಬೈಗುಳ ಬೀಳುವುದು ಗೈರುಹಾಜರಾದವರಿಗಲ್ಲ, ಬಂದು ಕೂತವರಿಗೆ. ನಾಲ್ಕು ಕೆಲಸ ಕಲಿತವರೇ ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುವ ವಿಚಿತ್ರ ವ್ಯವಸ್ಥೆ ಇದು. ಅಕ್ಕ ಈಗ ಹೊಸಬರಿಗೆ ಕೊಡುವ ಬುದ್ಧಿಮಾತು, "ಬರ್ತದೆ ಅಂತ ಬಾಯ್ಬಿಡ್ಬೇಡ ಕಣವ್ವ." ಕಲಿತದ್ದನ್ನು ಬಚ್ಚಿಡುವುದೇ ಜಾಣತನವಾಗಿದೆ.

ಇದನ್ನು ರೊಟೇಷನ್ ಎಂದು ಕರೆಯಬಾರದು ಎಂಬುದು ನಮ್ಮ ವಾದ. ಇದು ತೂತಿಗೆ ತೇಪೆ. ನಿಜವಾದ ಕೆಲಸ ಬದಲಿಯಲ್ಲಿ ಮೂರು ಸಂಗತಿ ಮೊದಲೇ ಗೊತ್ತಿರಬೇಕು: ಯಾವಾಗ ಬದಲಾಗುತ್ತೇನೆ, ಎಲ್ಲಿಗೆ ಹೋಗುತ್ತೇನೆ, ಅಲ್ಲಿ ಕೈ ಕೂರುವ ತನಕ ನನ್ನಿಂದ ಎಷ್ಟು ನಿರೀಕ್ಷೆ. ಈ ಮೂರೂ ಸೂಪರ್‌ವೈಸರ್‌ನ ಆ ಹೊತ್ತಿನ ಸಂಕಟಕ್ಕೆ ಬಿಟ್ಟಿದ್ದರೆ ಆಕೆಗೆ ಸಿಗುವುದು ಬದಲಾವಣೆಯಲ್ಲ, ಇನ್ನಷ್ಟು ಆತಂಕ.

ಇನ್ನೊಂದು ವಿಷಯ ದೇಹದ್ದು. ಕಫ್ ಕೂರಿಸುವುದರಿಂದ ಪಾಕೆಟ್ ಕೂರಿಸುವುದಕ್ಕೆ ಹೋದರೆ ಏನು ಬದಲಾಯಿತು? ಎರಡೂ ಒಂದೇ ಸೂಜಿಯ ಅದೇ ಮಿಷನ್. ಕತ್ತು ಬಗ್ಗಿಸಿದ್ದು ಬಗ್ಗಿಸಿದಂತೆಯೇ, ಬಲಗಾಲು ಪೆಡಲ್ ಮೇಲೆ, ಮೊಣಕಾಲು ಪಾದ ಎತ್ತುವ ಲಿವರ್ ಮೇಲೆ, ಬೆನ್ನಿಗೆ ಆಸರೆಯಿಲ್ಲದ ಅದೇ ಸ್ಟೂಲು. ಬೆರಳಿಗೆ ಸ್ವಲ್ಪ ಹೊಸತು, ಸೊಂಟಕ್ಕೆ ಏನೂ ಇಲ್ಲ. ಕೂತು ಹೊಲಿದವರು ನಿಂತು ಮಾಡುವ ಕೆಲಸಕ್ಕೆ, ಬಗ್ಗಿದವರು ತಲೆಯೆತ್ತಿ ಮಾಡುವ ಕೆಲಸಕ್ಕೆ ಹೋದರೆ ಮಾತ್ರ ಮೈಗೆ ಬಿಡುವು. ಆದರೆ ಅಲ್ಲೊಂದು ಗೋಡೆಯಿದೆ. ನಿಂತು ಮಾಡುವ ಕೆಲಸಗಳು ಬಹುಪಾಲು ಹೆಲ್ಪರ್‌ಗಳದ್ದು: ದಾರ ಕತ್ತರಿಸುವುದು, ತಿರುವಿ ಹಾಕುವುದು, ಇಸ್ತ್ರಿ ಒತ್ತುವುದು. ಹೆಲ್ಪರ್ ಆಗಿ ಸೇರಿ, ಊಟದ ಬಿಡುವಿನಲ್ಲಿ ಕದ್ದು ಮುಚ್ಚಿ ಮಿಷನ್ ಕಲಿತು ಟೈಲರ್ ಆದವರನ್ನು ಮತ್ತೆ ಕತ್ತರಿ ಹಿಡಿದು ನಿಲ್ಲು ಎಂದರೆ ಅದು ಅವಮಾನ. ಸಂಬಳದ ದರ್ಜೆಯೂ ಬೇರೆ. ದರ್ಜೆ ಮುಟ್ಟದೆ ಸೀಟು ಮಾತ್ರ ಬದಲಿಸುತ್ತೇವೆ ಎಂದರೆ ಈ ಗೋಡೆ ಹಾಗೇ ಉಳಿಯುತ್ತದೆ.

ಈ ಜಗಳ ಹೊಸದಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1968ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದಲ್ಲೇ ಇದನ್ನು ಗೇಲಿ ಮಾಡಿದ್ದ. ಹುರುಳಿಲ್ಲದ ಒಂದು ಕೆಲಸದಿಂದ ಹುರುಳಿಲ್ಲದ ಇನ್ನೊಂದಕ್ಕೆ ಕಳಿಸುವುದು, ತಟ್ಟೆ ತೊಳೆಯುತ್ತಿದ್ದವರಿಗೆ ಸ್ವಲ್ಪ ಹೊತ್ತು ಚಮಚ ತೊಳೆಯಿರಿ ಎಂದಂತೆ ಎಂಬುದು ಅವನ ಮಾತಿನ ಸಾರ. ಅದಕ್ಕೆ ಬದಲಾಗಿ ಅವನು ಹೇಳಿದ್ದು ಜಾಬ್ ಎನ್‌ರಿಚ್‌ಮೆಂಟ್. ಕೆಲಸವನ್ನು ಅಡ್ಡಕ್ಕೆ ಬೆಳೆಸುವುದಲ್ಲ, ಮೇಲಕ್ಕೆ ಬೆಳೆಸುವುದು. ಮೇಲಿನವರ ಕೈಯಲ್ಲಿದ್ದ ತೀರ್ಮಾನ, ತಪಾಸಣೆ, ಹೊಣೆ, ಇವುಗಳಲ್ಲಿ ಒಂದಿಷ್ಟನ್ನು ಕೆಲಸ ಮಾಡುವವರ ಕೈಗೇ ಕೊಡುವುದು. ನಮ್ಮ ಮಾತಿನಲ್ಲಿ ಕೆಲಸಕ್ಕೆ ಹುರುಳು ತುಂಬುವುದು.

(ನಮಗಿದು ಸುಲಭವಾಗಿ ಅರ್ಥವಾಯಿತು. ನಮ್ಮಲ್ಲೊಬ್ಬರು ಪತ್ರಿಕೆಯೊಂದರ ಡೆಸ್ಕಿನಲ್ಲಿ ಎರಡು ವರ್ಷ ಪೇಟೆ ಧಾರಣೆ ಕೂರಿಸುತ್ತಿದ್ದರು. ಬೇಸರ ಎಂದು ಹೇಳಿಕೊಂಡದ್ದಕ್ಕೆ ನಿಧನ ವಾರ್ತೆಗೆ ಹಾಕಿದರು.)

ಹುರುಳು ತುಂಬುವುದು ನಮ್ಮ ದೇಶದ ಕಾರ್ಖಾನೆಗೆ ಒಗ್ಗುವುದಿಲ್ಲ ಎನ್ನುವವರಿಗೆ ಅಹಮದಾಬಾದಿನ ಕ್ಯಾಲಿಕೋ ಮಿಲ್ಸ್ ನೆನಪಿಸಬೇಕು. ಅಲ್ಲಿ ಸ್ವಯಂಚಾಲಿತ ಮಗ್ಗ ತಂದರೂ ನೇಯ್ಗೆ ಅಂದುಕೊಂಡಷ್ಟು ಸುಧಾರಿಸಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಬಂದು ನೋಡಿದಾಗ ಕಂಡದ್ದು, ಮಗ್ಗದ ಕೆಲಸ ತುಂಡು ತುಂಡಾಗಿ ಹಂಚಿಹೋಗಿತ್ತು. ನೇಯುವವರು ಬೇರೆ, ಉಂಡೆ ತುಂಬುವವರು ಬೇರೆ, ಹರಿದ ಎಳೆ ಕಟ್ಟುವವರು ಬೇರೆ, ಎಣ್ಣೆ ಬಿಡುವವರು ಬೇರೆ. ಒಬ್ಬೊಬ್ಬರ ಪಾಲಿಗೆ ಬಂದ ಮಗ್ಗಗಳ ಸಂಖ್ಯೆಯೂ ಬೇರೆ ಬೇರೆ. ಹೀಗಾಗಿ ಯಾರಿಗೂ ಇದು ನನ್ನ ಗುಂಪು, ಇವು ನಮ್ಮ ಮಗ್ಗ ಎನ್ನುವಂತಿರಲಿಲ್ಲ. ಒಂದಿಷ್ಟು ಮಗ್ಗಗಳಿಗೆ ಒಂದು ಸಣ್ಣ ಗುಂಪು, ಆ ಮಗ್ಗಗಳ ಪೂರಾ ಹೊಣೆ ಆ ಗುಂಪಿನದು ಎಂಬ ಯೋಚನೆ ಮುಂದಿಟ್ಟಾಗ ಗುಂಪು ಯಾರ ಜೊತೆ ಯಾರು ಎಂದು ಕಟ್ಟಿಕೊಂಡದ್ದು ಕೆಲಸಗಾರರೇ. ಶುರುವಿನ ಏರುಪೇರು ಕಳೆದ ಮೇಲೆ ಉತ್ಪಾದನೆ ಹೆಚ್ಚಿತು, ಕೆಟ್ಟ ಬಟ್ಟೆ ಕಡಿಮೆಯಾಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಪೂರ್ತಿಯಲ್ಲ. 1970ರಲ್ಲಿ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಗುಂಪು ಪದ್ಧತಿ ಬಹುಮಟ್ಟಿಗೆ ಉಳಿದಿತ್ತು, ಸ್ವಯಂಚಾಲಿತ ಮಗ್ಗಗಳ ಕಡೆ ಅದು ಸವೆದು ಹೋಗಿತ್ತು. ನೇಯುವ ಬಟ್ಟೆಯೂ ಮಾರುಕಟ್ಟೆಯ ಒತ್ತಡವೂ ಬದಲಾದಂತೆ ಮೇಲಿನವರು ಮತ್ತೆ ಒಳಗೆ ಕೈಹಾಕತೊಡಗಿದರು, ಗುಂಪಿನ ಗಡಿ ಕರಗಿತು. ಒಮ್ಮೆ ಮಾಡಿಟ್ಟರೆ ತಾನಾಗಿ ನಡೆಯುವ ಏರ್ಪಾಡು ಇದಲ್ಲ.

ಗುಂಪು ಮಾಡಿ ಸಂಬಳವನ್ನು ತಪ್ಪಾಗಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಹೊಲಿಗೆಯ ಲೋಕದಲ್ಲೇ ಉದಾಹರಣೆ ಇದೆ. ಜೀನ್ಸ್ ಮಾಡುವ ಲೆವಿ ಸ್ಟ್ರಾಸ್ ಕಂಪನಿ 1992ರಲ್ಲಿ ತನ್ನ ಅಮೆರಿಕದ ಕಾರ್ಖಾನೆಗಳಲ್ಲಿ ಪೀಸ್ ಲೆಕ್ಕದ ಕೂಲಿ ಬಿಟ್ಟು ತಂಡ ಪದ್ಧತಿ ತಂದಿತು. ತಂಡದವರು ಕೆಲಸ ಬದಲಾಯಿಸಿಕೊಳ್ಳುತ್ತಾರೆ, ತಂಡ ಮುಗಿಸಿದ ಪ್ಯಾಂಟುಗಳ ಲೆಕ್ಕದಲ್ಲಿ ಎಲ್ಲರಿಗೂ ಕೂಲಿ. ಬೇಸರ ಕಡಿಮೆಯಾಗಲಿ, ಒಂದೇ ಕೈಯಾಟದಿಂದ ಬರುವ ನೋವು ಕಡಿಮೆಯಾಗಲಿ ಎಂಬ ಉದ್ದೇಶವೇ ಇತ್ತು. ಆದದ್ದು, ಕೈ ಚುರುಕಿದ್ದವರ ಕೂಲಿ ಇಳಿಯಿತು, ನಿಧಾನದವರು, ಹುಷಾರಿಲ್ಲದವರು ಉಳಿದವರ ಕಣ್ಣಿಗೆ ಕಳ್ಳರಂತೆ ಕಂಡರು. ಸೂಪರ್‌ವೈಸರ್ ಬೈಯುವ ಕೆಲಸವನ್ನು ಜೊತೆಯವರೇ ಮಾಡತೊಡಗಿದರು. ಪಕ್ಕದ ಮಿಷನ್‌ನವರು ಬಾತ್‌ರೂಮಿಗೆ ಹೋದರೆ ಗಡಿಯಾರ ನೋಡುವ ಲೈನು ಯಾರಿಗೆ ಬೇಕು?

ಹಾಗಾದರೆ ಮಾಡಬೇಕಾದದ್ದೇನು? ಇಡೀ ಕಾರ್ಖಾನೆ ಬದಲಿಸಿ ಎಂದು ಬರೆಯುವುದು ಸುಲಭ. ನಾವು ಒಂದು ಮೂಲೆಯನ್ನಷ್ಟೇ ತೆಗೆದುಕೊಳ್ಳುತ್ತೇವೆ, ಕಫ್ ಸೆಕ್ಷನ್. ಕಫ್ ಅನ್ನೇ ಯಾಕೆ ಎಂದರೆ, ಕಾಲರ್, ಕಫ್, ಪಾಕೆಟ್ ಪಟ್ಟಿಯಂಥ ಸಣ್ಣ ಭಾಗಗಳು ಜೋಡಣೆಯ ಸಾಲಿಗೆ ಬರುವ ಮೊದಲೇ ಬೇರೆ ಕಡೆ ತಯಾರಾಗುತ್ತವೆ. ಅವನ್ನು ಮುಂಚಿತವಾಗಿ ಮಾಡಿ ಇಟ್ಟುಕೊಳ್ಳಬಹುದು. ಜೋಡಣೆಯ ಸಾಲಿನಲ್ಲಿ ಇದು ಕಷ್ಟ. ಅಲ್ಲಿ ಭುಜ, ಕಾಲರ್, ತೋಳು, ಪಕ್ಕ, ಕಫ್, ಕೆಳಮಡಿಕೆ ಒಂದರ ಬೆನ್ನಿಗೊಂದು ಇರುತ್ತವೆ. ಕಲಿಯುವವರನ್ನು ಕೂರಿಸಿದ ಕ್ಷಣವೇ ಹಿಂದೆ ರಾಶಿ, ಮುಂದೆ ಖಾಲಿ.

ಕಫ್ ಸೆಕ್ಷನ್‌ನಲ್ಲಿ ಐದು ಜನ ಇದ್ದಾರೆ ಎಂದುಕೊಳ್ಳಿ. ಒಬ್ಬರು ಒಳಪಟ್ಟಿ ಅಂಟಿಸಿದ ತುಂಡಿನ ಅಂಚು ಮಡಿಸಿ ಹೊಲಿಯುತ್ತಾರೆ, ಇನ್ನೊಬ್ಬರು ಎರಡು ತುಂಡು ಸೇರಿಸಿ ಸುತ್ತ ಹೊಲಿಗೆ ಹಾಕುತ್ತಾರೆ, ಮೂರನೆಯವರು ಹೆಚ್ಚಿನ ಬಟ್ಟೆ ಕತ್ತರಿಸಿ ಮೂಲೆ ಚೂಪಾಗಿ ಬರುವಂತೆ ತಿರುವುತ್ತಾರೆ, ನಾಲ್ಕನೆಯವರು ಇಸ್ತ್ರಿ, ಐದನೆಯವರು ಮೇಲುಹೊಲಿಗೆ. ಇಲ್ಲಿ ಮೂರು ಕೂತು ಮಾಡುವ ಕೆಲಸ, ಎರಡು ನಿಂತು ಮಾಡುವ ಕೆಲಸ. ಎರಡು ಗಂಟೆಗೊಮ್ಮೆ ಬದಲಾದರೆ ದಿನಕ್ಕೆ ನಾಲ್ಕು ಸೀಟು, ಮೈಗೆ ನಿಜವಾದ ಬದಲಾವಣೆ. ಇಷ್ಟು ಬರೀ ರೊಟೇಷನ್.

ಕಲಿಕೆಯ ನಷ್ಟ ಎಷ್ಟು? ಒಂದು ಹೊತ್ತಿಗೆ ಒಬ್ಬರೇ ಹೊಸ ಸೀಟು ಕಲಿಯಲಿ, ಅದೂ ದಿನಕ್ಕೆ ಎರಡೇ ಗಂಟೆ. ಗಂಟೆಗೆ 60ರ ಬದಲು 40 ಜೊತೆ ಮಾಡಿದರೆ ದಿನಕ್ಕೆ 40 ಜೊತೆ ಕಡಿಮೆ. ಮೊದಲೇ 200 ಜೊತೆ ಕಫ್ ಮಾಡಿಟ್ಟಿದ್ದರೆ ಐದು ದಿನ ಜೋಡಣೆಯವರಿಗೆ ಏನೂ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಕೈ ಒಂದಿಷ್ಟು ಕೂತಿರುತ್ತದೆ. ಆಮೇಲೆ ಮುಂದಿನವರ ಸರದಿ, ನಡುವೆ ರಾಶಿ ಮತ್ತೆ ತುಂಬಿಕೊಳ್ಳಲು ಎರಡು ಮೂರು ದಿನ ಬಿಡುವು. ಐದೂ ಜನ ಐದೂ ಕೆಲಸ ಕಲಿಯಬೇಕೆಂದಿಲ್ಲ, ಮೂರು ಸಾಕು. ಆದರೂ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದು ವಾರದಲ್ಲಿ ಮುಗಿಸಿದೆವು ಎಂದು ಯಾರಾದರೂ ಹೇಳಿದರೆ ಅದು ಗೋಡೆಯ ಮೇಲಿನ ಚುಕ್ಕೆ ಮಾತ್ರ.

ಹುರುಳು ಬರುವುದು ಮುಂದಿನ ಹೆಜ್ಜೆಯಲ್ಲಿ. ಈಗಿನ ಪದ್ಧತಿಯಲ್ಲಿ ಮೂಲೆ ಮೊಂಡಾದ ಕಫ್ ಸಿಕ್ಕಿಬೀಳುವುದು ಬಹಳ ಸಲ ಲೈನಿನ ತುದಿಯ ಚೆಕಿಂಗ್ ಟೇಬಲ್ಲಿನಲ್ಲಿ. ತಪ್ಪಾದ ಹೊತ್ತಿನಿಂದ ಅಲ್ಲಿಗೆ ತಲುಪಲು ಮೂರು ಗಂಟೆ ಹಿಡಿದರೆ ಅಷ್ಟರಲ್ಲಿ ಅದೇ ತಪ್ಪಿನ 180 ಶರ್ಟು ಹಿಂದೆ ಬರುತ್ತಿರುತ್ತವೆ. ಬಿಚ್ಚಿ ಮತ್ತೆ ಹೊಲಿಯುವ ಆಲ್ಟರೇಷನ್ ಕೆಲಸ ಅಕ್ಕನಂಥವರ ಮೇಲೆ ಬೀಳುತ್ತದೆ, ತಪ್ಪು ಅವರದ್ದಲ್ಲದಿದ್ದರೂ. ಕಫ್ ಗುಂಪಿಗೇ ಅಳತೆಪಟ್ಟಿ ಮತ್ತು ಒಪ್ಪಿದ ಮಾದರಿ ಕಫ್ ಕೊಟ್ಟು, ಹತ್ತು ಜೊತೆಗೊಮ್ಮೆ ತಾವೇ ಅಳೆದು, ಎರಡು ಮೂಲೆ ಒಂದರ ಮೇಲೊಂದು ಇಟ್ಟು ನೋಡಿ, ಸರಿಯಿಲ್ಲವೆಂದರೆ ಅಲ್ಲೇ ನಿಲ್ಲಿಸುವ ಅಧಿಕಾರ ಕೊಟ್ಟರೆ ತಪ್ಪು ಹತ್ತರಲ್ಲೇ ನಿಲ್ಲುತ್ತದೆ. ನಿಲ್ಲಿಸುವ ಅಧಿಕಾರ ಎಂಬ ಮಾತು ಮುಖ್ಯ. ಅಳತೆಪಟ್ಟಿ ಕೊಟ್ಟು, ನಿಲ್ಲಿಸಿದ್ದಕ್ಕೆ ಬೈದರೆ ಅದು ಹೊಣೆ ಕೊಟ್ಟಂತಲ್ಲ, ಚೆಕರ್ ಸಂಬಳ ಉಳಿಸಿ ಆ ಕೆಲಸವನ್ನೂ ಇವರ ತಲೆಗೆ ಕಟ್ಟಿದಂತೆ. ಅಳೆಯುವುದಕ್ಕೂ ಸಮಯ ಬೇಕು, ಆ ಸಮಯವನ್ನು ಟಾರ್ಗೆಟ್‌ನಿಂದ ಕಳೆಯಬೇಕು.

ಯಾರು ಯಾವ ಹೊತ್ತಿಗೆ ಯಾವ ಸೀಟು ಎಂಬುದನ್ನೂ ಐದು ಜನರೇ ಬೆಳಿಗ್ಗೆ ಮಾತಾಡಿಕೊಳ್ಳಲಿ. ದಾರದ ಬಿಗಿ, ಹೊಲಿಗೆಯ ಉದ್ದ ತಾವೇ ಹೊಂದಿಸಿಕೊಳ್ಳಲು ಮೆಕ್ಯಾನಿಕ್ ಕಲಿಸಲಿ. ಎಲ್ಲವನ್ನೂ ಕೊಡಲಾಗುವುದಿಲ್ಲ ಎಂಬುದೂ ನಮಗೆ ಗೊತ್ತು. ಸೂಜಿಯನ್ನೇ ನೋಡಿ. ಮುರಿದ ಸೂಜಿಯ ಎಲ್ಲ ಚೂರು ಹುಡುಕಿ, ಪುಸ್ತಕಕ್ಕೆ ಅಂಟಿಸಿ ಬರೆಸಿದ ಮೇಲೆಯೇ ಹೊಸದು ಕೊಡುತ್ತಾರೆ. ಚೂರು ಬಟ್ಟೆಯಲ್ಲಿ ಉಳಿದು ತೊಟ್ಟವರಿಗೆ ಚುಚ್ಚಬಾರದಲ್ಲ. ಆ ನಿಯಮ ಸಡಿಲಿಸಿ ಎಂದು ನಾವು ಕೇಳುವುದಿಲ್ಲ.

ಸಂಬಳದ ಬಗ್ಗೆ ನಮ್ಮ ನಿಲುವು ಹೀಗೆ. ಗುಂಪಿನ ಪೀಸ್ ಲೆಕ್ಕಕ್ಕೆ ಕೂಲಿ ಕಟ್ಟಬಾರದು, ಲೆವಿಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಮೂರು ಕೆಲಸ ಕಲಿತವರಿಗೆ ತಿಂಗಳ ಸಂಬಳದಲ್ಲೇ ಸೇರುವ ಒಂದು ಮೊತ್ತ ಕೊಡಬೇಕು, ಅದು ಆ ದಿನ ಯಾವ ಸೀಟಿನಲ್ಲಿ ಕೂತರು ಎಂಬುದಕ್ಕೆ ತಳುಕು ಹಾಕಿಕೊಳ್ಳಬಾರದು. ಆಗ ಟೈಲರ್ ಇಸ್ತ್ರಿ ಟೇಬಲ್ಲಿಗೆ ಹೋದರೂ ದರ್ಜೆ ಇಳಿಯುವುದಿಲ್ಲ, ಹೆಲ್ಪರ್ ಮಿಷನ್ ಕಲಿಯುವುದಕ್ಕೆ ಕದ್ದು ಕೂರಬೇಕಿಲ್ಲ.

ಕೆಡುತ್ತಿರುವುದು ಹೇಗೆ ಗೊತ್ತಾಗುತ್ತದೆ ಎಂದರೆ, ಮೂರನೇ ವಾರದ ಸೀಟಿನ ಪಟ್ಟಿ ತೆಗೆದು ನೋಡಿ. ಅದೇ ಇಬ್ಬರು ದಿನವಿಡೀ ಇಸ್ತ್ರಿಗೆ ನಿಂತಿದ್ದರೆ, ಅದೇ ಒಬ್ಬರು ಮೇಲುಹೊಲಿಗೆ ಬಿಟ್ಟು ಏಳದಿದ್ದರೆ ಬದಲಿ ಸತ್ತಿದೆ ಎಂದರ್ಥ. ಬಹಳ ಸಲ ಅದಕ್ಕೆ ಕಾರಣ ಟಾರ್ಗೆಟ್ ಇಳಿಸದೇ ಇದ್ದದ್ದು. ಚುರುಕಿನವರನ್ನು ಕಷ್ಟದ ಸೀಟಿನಲ್ಲೇ ಉಳಿಸಿಕೊಳ್ಳದೆ ಗುಂಪಿಗೆ ಬೇರೆ ದಾರಿ ಇರುವುದಿಲ್ಲ.

ಇದಕ್ಕೆ ಮಿತಿಯೂ ಇದೆ. ಐದು ಸಾವಿರ ಶರ್ಟಿನ ಆರ್ಡರ್ ಹತ್ತು ದಿನ ಓಡುತ್ತದೆ, ಕಲಿಯಲು ಪುರುಸೊತ್ತಿರುತ್ತದೆ. ಐನೂರರ ಆರ್ಡರ್ ಒಂದೇ ದಿನಕ್ಕೆ ಮುಗಿದು ನಾಳೆ ಬೇರೆ ಬಟ್ಟೆ, ಬೇರೆ ಆಕಾರದ ಕಫ್ ಬಂದರೆ ಎಲ್ಲರೂ ದಿನವೂ ಹೊಸಬರೇ. ಅಂಥ ಕಡೆ ಬದಲಿ ಕಡಿಮೆ ಇರಲಿ, ತಪಾಸಣೆಯ ಹೊಣೆ ಇರಲಿ. ಇನ್ನು ಬದಲಿಯೇ ಬೇಡ ಎನ್ನುವವರೂ ಇದ್ದಾರೆ, ಅವರನ್ನು ಸೋಮಾರಿಗಳು ಎನ್ನುವುದಕ್ಕೆ ನಾವು ತಯಾರಿಲ್ಲ. ಒಬ್ಬರು ನಮಗೆ ಹೇಳಿದರು, ಕೈ ತಾನೇ ಓಡುತ್ತಿದ್ದರೆ ತಲೆಯಲ್ಲಿ ಮಗಳ ಫೀಸಿನ ಲೆಕ್ಕ ಹಾಕಿಕೊಳ್ಳಬಹುದು, ಪಕ್ಕದವರ ಜೊತೆ ಎರಡು ಮಾತಾಡಬಹುದು, ಹೊಸ ಸೀಟಿನಲ್ಲಿ ಅದೂ ಇಲ್ಲ. ಹಾಗೆನ್ನುವವರಿಗೆ ತಮ್ಮ ಮಿಷನ್ ಉಳಿಸಿಕೊಳ್ಳುವ ಹಕ್ಕಿರಬೇಕು.

ಇದನ್ನೆಲ್ಲ ಬರೆದು ಮೊದಲು ಓದಿ ಹೇಳಿದ್ದು ಅಕ್ಕನಿಗೇ, ಭಾನುವಾರ ಅವರ ಜಗಲಿಯಲ್ಲಿ. ಅವರು ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡರು. ಇಸ್ತ್ರಿಯ ವಿಷಯ ಬಂದಾಗ ಕೈ ನಿಂತಿತು. "ಎರಡ್ ಗಂಟೆನಾ? ಏಪ್ರಿಲ್ ತಿಂಗ್ಳಲ್ಲಿ ಆ ಟೇಬಲ್ ಮುಂದೆ ನೀವ್ ನಿಂತಿದ್ದೀರಾ? ಮುಖಕ್ಕೆ ಹಬೆ ಹೊಡೀತದೆ. ಒಂದ್ ಗಂಟೆ ಮಾಡಿ. ಆಮೇಲೆ ಇನ್ನೊಂದು, ಹೊಟ್ಟೇಲಿರೋರ್ನ ಅಲ್ಲಿಗ್ ಹಾಕ್ಬಾರ್ದು ಅಂತ ಬರೀರಿ." ನಾವು ಇದನ್ನು ಯೋಚಿಸಿಯೇ ಇರಲಿಲ್ಲ. ಮೇಲಿನ ಲೆಕ್ಕದಲ್ಲಿ ಇಸ್ತ್ರಿಯ ಸೀಟು ಎರಡು ಗಂಟೆ ಎಂದಿರುವುದನ್ನು ಒಂದು ಗಂಟೆ ಎಂದು, ಗರ್ಭಿಣಿಯರಿಗೆ ಆ ಸರದಿಯೇ ಇಲ್ಲ ಎಂದು ಓದಿಕೊಳ್ಳಿ. ಆಗ ಉಳಿದ ಸೀಟುಗಳ ಸರದಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಅದನ್ನು ಹೊಂದಿಸುವುದು ಆ ಐದು ಜನರಿಗೆ ನಮಗಿಂತ ಚೆನ್ನಾಗಿ ಗೊತ್ತು.